ಫಲಿತಾಂಶದ ಫೋಟೊ ಕೆಳಗಿನ ನಾಲ್ಕು ಸಾಲು

ತಳಕಲ್‌ನಲ್ಲಿ ನನ್ನ ಪರಿಚಯದವರೊಬ್ಬರು ಐದನೇ ತರಗತಿಯ ಮಕ್ಕಳಿಗೆ ನವೋದಯ ಪರೀಕ್ಷೆಯ ತರಬೇತಿ ನಡೆಸುತ್ತಾರೆ. ದೊಡ್ಡ ಸಂಸ್ಥೆಯೇನಲ್ಲ. ಬಾಡಿಗೆಯ ಎರಡು ಕೋಣೆ, ಒಂದು ಕರಿಹಲಗೆ, ಕೂರಲು ಜಮಖಾನೆ, ಬೆಳಿಗ್ಗೆ ಶಾಲೆಗೆ ಮುಂಚೆ ಒಂದು ಗಂಟೆ, ಸಂಜೆ ಎರಡು ಗಂಟೆ. ಆಯ್ಕೆ ಪಟ್ಟಿ ಬಂದ ದಿನ ಅವರು ಫೋನ್ ಮಾಡಿ, “ಸರ, ಆರು ಹುಡುಗರು ಪಾಸಾಗ್ಯಾರ. ಫೋಟೊ ರೆಡಿ ಐತಿ. ಕೆಳಗ ನಾಲ್ಕು ಸಾಲು ಚಂದಂಗ ಬರಕೊಡ್ರಿ, ಸ್ಟೇಟಸ್‌ಗೂ ಹಾಕ್ತೀನಿ, ಫ್ಲೆಕ್ಸೂ ಮಾಡಸ್ತೀನಿ” ಎಂದರು. ತಾವೇ ಬರೆದಿದ್ದ ಒಂದು ಕರಡನ್ನೂ ಕಳಿಸಿದರು:

“ನಮ್ಮ ಕೋಚಿಂಗ್‌ನಿಂದ ಮೊದಲ ಪ್ರಯತ್ನದಲ್ಲೇ ನವೋದಯಕ್ಕೆ ಆಯ್ಕೆಯಾದ 6 ರತ್ನಗಳು! ತಾಲ್ಲೂಕಿನಲ್ಲೇ ನಾವು ನಂಬರ್ 1. ಮುಂದಿನ ರತ್ನ ನಿಮ್ಮ ಮಗುವೇ ಆಗಲಿ. ಪ್ರವೇಶ ಆರಂಭವಾಗಿದೆ.”

ಇಂಥ ಸಾಲುಗಳನ್ನು ನಾವೆಲ್ಲ ಬಸ್‌ಸ್ಟ್ಯಾಂಡಿನ ಎದುರು ನೂರು ಸಲ ಓದಿದ್ದೇವೆ. ಅಕ್ಷರ ತಿದ್ದಿ ಕಳಿಸಿದ್ದರೆ ಐದು ನಿಮಿಷದ ಕೆಲಸ. ನನಗೆ ಎರಡು ದಿನ ಹಿಡಿಯಿತು. ಆ ಮೂರು ಮತ್ತೊಂದು ಸಾಲಿನಲ್ಲಿ ಹೊಗಳಿಕೆ ಯಾರಿಗೆ ಸಲ್ಲುತ್ತಿದೆ, ಅದರ ಬೆಲೆಯನ್ನು ಯಾರು ಕೊಡುತ್ತಿದ್ದಾರೆ ಎಂಬುದು ಬಗೆಹರಿಯಲಿಲ್ಲ.

ಮೊದಲು ಪರೀಕ್ಷೆಯ ಬಗ್ಗೆ ಎರಡು ಮಾತು. ಕೊಪ್ಪಳ ಜಿಲ್ಲೆಯ ನವೋದಯ ಇರುವುದು ತಳಕಲ್‌ಗೆ ಹತ್ತಿರದ ಕುಕನೂರಿನಲ್ಲಿ. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಉಚಿತವಾದ ಕೇಂದ್ರ ಸರ್ಕಾರದ ಶಾಲೆ. ಮಳೆ ನಂಬಿದ ಹೊಲದ ಮನೆಗೆ ಅಲ್ಲಿ ಸಿಗುವ ಒಂದು ಸೀಟು ಸಣ್ಣ ಸಂಗತಿಯಲ್ಲ. ಆರನೇ ತರಗತಿಯ ಪ್ರವೇಶ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. 40 ಪ್ರಶ್ನೆ ಮಾನಸಿಕ ಸಾಮರ್ಥ್ಯದವು, 20 ಗಣಿತ, 20 ಭಾಷೆ. ಒಂದು ಶಾಲೆಗೆ ಒಂದು ವರ್ಷ ಹೆಚ್ಚೆಂದರೆ 80 ಮಕ್ಕಳು. ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು, ಮುಂದಿನ ವರ್ಷ ಮತ್ತೆ ಕೂರುವ ಹಾಗಿಲ್ಲ.

ಇಷ್ಟು ಗೊತ್ತಾದರೆ ಕರಡಿನ ಒಂದು ಮಾತು ಆಗಲೇ ಉದುರುತ್ತದೆ. ‘ಮೊದಲ ಪ್ರಯತ್ನದಲ್ಲೇ’ ಎನ್ನುವುದು ಐಎಎಸ್ ಫಲಿತಾಂಶದಿಂದ ಎರವಲು ತಂದ ಪದ. ಎರಡನೇ ಪ್ರಯತ್ನವೇ ಇಲ್ಲದ ಪರೀಕ್ಷೆಯಲ್ಲಿ ಎಲ್ಲರೂ ಮೊದಲ ಪ್ರಯತ್ನದಲ್ಲೇ ಆಯ್ಕೆಯಾಗುತ್ತಾರೆ, ಎಲ್ಲರೂ ಮೊದಲ ಪ್ರಯತ್ನದಲ್ಲೇ ಹೊರಗೂ ಉಳಿಯುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದನ್ನು ಓದುವ ತಂದೆಗೆ, ಬೇರೆ ಮಕ್ಕಳು ಎರಡು ಮೂರು ಸಲ ಬರೆದಿರಬೇಕು, ಈ ಆರು ಮಂದಿ ಒಂದೇ ಏಟಿಗೆ ಗೆದ್ದರು ಎನಿಸುತ್ತದೆ. ಹೇಳಿದವರು ಸುಳ್ಳು ಹೇಳಲಿಲ್ಲ, ಕೇಳಿದವರು ಸುಳ್ಳನ್ನೇ ಕೇಳಿಸಿಕೊಂಡರು. ಇದಕ್ಕೆ ಹೊಣೆ ಯಾರು? ಕೇಳುವವರಿಗೆ ಹೀಗೆಯೇ ಅನಿಸುತ್ತದೆ ಎಂದು ಹೇಳುವವರಿಗೆ ಮೊದಲೇ ಗೊತ್ತಿದ್ದರೆ ಹೊಣೆ ಹೇಳಿದವರದೇ ಎಂದು ನನ್ನ ಭಾವನೆ.

ಇನ್ನೊಂದು ತೊಡಕು ಇದಕ್ಕಿಂತ ಸಣ್ಣದು, ಎರಡಕ್ಷರದ್ದು: ‘ನಮ್ಮ ಕೋಚಿಂಗ್‌ನಿಂದ’ ಎನ್ನುವಲ್ಲಿನ ‘ಇಂದ’. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡುವಾಗ ಇವು ಮುಂದೊಂದು ದಿನ ನೀತಿಯ ಪ್ರಶ್ನೆಯಾದಾವು ಎಂದು ಯಾರಿಗೂ ಅನಿಸಿರುವುದಿಲ್ಲ. ‘ಕೊಡಲಿಯಿಂದ ಕಡಿದ’ ಎಂದರೆ ಕಡಿಯುವ ಕೆಲಸ ಆದದ್ದು ಕೊಡಲಿಯ ಬಲದಲ್ಲಿ. ‘ಕೋಚಿಂಗ್‌ನಿಂದ ಆಯ್ಕೆಯಾದ’ ಎಂದರೂ ಹಾಗೆಯೇ. ಕಾರಣ ಕೋಚಿಂಗ್, ಮಗು ಅದರ ಫಲ. ‘ಕೋಚಿಂಗ್‌ನ ರತ್ನಗಳು’ ಎಂದರೆ ಅದು ಒಡೆತನ. ‘ನಮ್ಮಲ್ಲಿ ಓದಿ ಆಯ್ಕೆಯಾದ’ ಎಂದು ನೋಡಿ. ‘ಅಲ್ಲಿ’ ಬರೀ ಜಾಗವನ್ನು ಹೇಳುತ್ತದೆ. ಓದಿದ್ದೂ ಮಗು, ಆಯ್ಕೆಯಾದದ್ದೂ ಮಗು, ಕ್ಲಾಸು ಅದು ನಡೆದ ಸ್ಥಳ. ಎರಡಕ್ಷರ ಬದಲಾದರೆ ಶ್ರೇಯಸ್ಸು ಮೇಷ್ಟ್ರ ಮನೆಯಿಂದ ಮಗುವಿನ ಮನೆಗೆ ಹೋಗುತ್ತದೆ.

“ಹಂಗಾದ್ರ ನಾ ಏನೂ ಮಾಡಿಲ್ಲೇನ್ರಿ?” ಎಂದು ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಆಕೃತಿಗಳ ಸಾಲಿನಲ್ಲಿ ಬೇರೆಯಾದುದನ್ನು ಗುರುತಿಸುವುದು, ಕನ್ನಡಿಯಲ್ಲಿ ಚಿತ್ರ ಹೇಗೆ ತಿರುಗುತ್ತದೆಂದು ಊಹಿಸುವುದು, ಓಎಂಆರ್ ಹಾಳೆಯಲ್ಲಿ ಸಾಲು ತಪ್ಪದೆ ಗುಂಡಗಳನ್ನು ತುಂಬುವುದು, ಇವು ಐದನೇ ತರಗತಿಯ ಪಠ್ಯದಲ್ಲಿ ಸಿಗುವಂಥವಲ್ಲ. ಅಪ್ಪ ಅಮ್ಮ ಕಲಿಸಲಾಗದ ಮನೆಗಳ ಮಕ್ಕಳಿಗೆ ಅವರು ಇದನ್ನು ದಿನಾ ಕಲಿಸಿದ್ದಾರೆ. ಆದರೆ ಅದೇ ಪಾಠವನ್ನು ಆ ಕೋಣೆಯಲ್ಲಿ ಕೂತ ಎಲ್ಲ ಮಕ್ಕಳೂ ಕೇಳಿದ್ದರಲ್ಲ. ಆರು ಮಂದಿ ಬಂದದ್ದು ಅವರಿಂದ ಎನ್ನುವುದಾದರೆ ಉಳಿದವರು ಬಾರದ್ದೂ ಅವರಿಂದ ಎನ್ನಬೇಕಾಗುತ್ತದೆ. ಅದನ್ನು ಅವರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಗೆದ್ದಾಗ ‘ನಮ್ಮಿಂದ’, ಸೋತಾಗ ‘ಹುಡುಗ ಓದಲಿಲ್ಲ’ ಎನ್ನುವ ವ್ಯಾಕರಣ ಯಾವ ಭಾಷೆಯಲ್ಲೂ ಸರಿಯಲ್ಲ.

ಇಲ್ಲಿ ಇನ್ನೂ ಒಂದು ಕಹಿ ಲೆಕ್ಕವಿದೆ. ಜಿಲ್ಲೆಯ ಎಲ್ಲ ಕ್ಲಾಸುಗಳೂ ಎರಡರಷ್ಟು ಚೆನ್ನಾಗಿ ಕಲಿಸಿದರೂ ಕುಕನೂರಿನ ಸೀಟು 80ರ ಮೇಲೆ ಒಂದೂ ಹೆಚ್ಚುವುದಿಲ್ಲ. ತರಬೇತಿ ಯಾರು ಒಳಗೆ ಹೋಗುತ್ತಾರೆ ಎಂಬುದನ್ನು ಬದಲಿಸಬಲ್ಲದು, ಎಷ್ಟು ಮಂದಿ ಹೋಗುತ್ತಾರೆ ಎಂಬುದನ್ನಲ್ಲ. ‘ನಮ್ಮಿಂದ ಆರು’ ಎಂಬುದು ಅಕ್ಷರಶಃ ನಿಜವೇ ಆಗಿದ್ದರೆ, ಕ್ಲಾಸಿಗೆ ಹಣ ಕೊಡಲಾಗದ ಬೇರೆ ಊರಿನ ಆರು ಮಕ್ಕಳ ಜಾಗ ತಳಕಲ್‌ಗೆ ಬಂತು ಎಂದರ್ಥ. ತಮ್ಮ ಊರಿನ ಮಕ್ಕಳಿಗೆ ಕಲಿಸಿದ್ದು ತಪ್ಪಲ್ಲ. ಆದರೆ ಜಾಗ ಬದಲಾದದ್ದನ್ನು ಜಗತ್ತಿಗೆ ಹೊಸದಾಗಿ ಏನೋ ಸೇರಿಸಿದಂತೆ ಕೂಗಿ ಹೇಳುವಾಗ ದನಿ ಸ್ವಲ್ಪ ತಗ್ಗಬೇಕು.

ಆಮೇಲೆ ‘ನಂಬರ್ 1’. ಈ ಪರೀಕ್ಷೆಯಲ್ಲಿ ಹೋಲಿಕೆ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಕಾರಣ ಆಯ್ಕೆಯ ನಿಯಮದಲ್ಲೇ ಇದೆ. 80 ಸೀಟಿನಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಳ್ಳಿಯ ಶಾಲೆಗಳಲ್ಲಿ ಮೂರು, ನಾಲ್ಕು, ಐದನೇ ತರಗತಿ ಓದಿದ ಮಕ್ಕಳಿಗೆ. ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲ ಮಕ್ಕಳಿಗೆ ಮೀಸಲು. ಬೇರೆ ಬೇರೆ ಜಾಗದಿಂದ ಓಟ ಶುರು ಮಾಡಿದ ಮಕ್ಕಳನ್ನು ಒಂದೇ ಗೆರೆಯಲ್ಲಿ ಅಳೆಯಬಾರದು ಎಂದೇ ಹೀಗೆ ಮಾಡಿರುವುದು. ಅಂದರೆ ಹೊರಗಿನಿಂದ ಒಂದಾಗಿ ಕಾಣುವ ಆ ಪಟ್ಟಿಯೊಳಗೆ ಹಲವು ಪಟ್ಟಿಗಳಿವೆ. ಅದರಲ್ಲಿರುವ ಮಗು ಅದರಲ್ಲಿಲ್ಲದ ಮಗುವಿಗಿಂತ ಜಾಣ ಎಂದು ಪಟ್ಟಿ ಎಲ್ಲಿಯೂ ಹೇಳುವುದಿಲ್ಲ. ಪಟ್ಟಿ ಹೇಳದ ಆ ಮಾತನ್ನು ಫೋಟೊ ಕೆಳಗಿನ ಬರಹ ಹೇಳಿಬಿಡುತ್ತದೆ. ಅದರಲ್ಲೂ ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ಒಂದು ಗುಂಡ ತಪ್ಪು ಸಾಲಿನಲ್ಲಿ ತುಂಬಿದ ಹುಡುಗನೂ ಸರಿಯಾಗಿ ತುಂಬಿದ ಹುಡುಗಿಯೂ ಎರಡು ಬೇರೆ ಜಾತಿಯ ಬುದ್ಧಿಯವರಾಗಿಬಿಡುವುದಿಲ್ಲ. ಒಬ್ಬಳು ರತ್ನವಾದರೆ ಇನ್ನೊಬ್ಬನನ್ನು ಏನೆನ್ನುವುದು?

ಸರಿ, ಹಾಗಾದರೆ ಬರೆಯುವುದೇನು? ಎಲ್ಲರೂ ಗೆದ್ದವರೇ ಎಂದು ಬರೆದುಬಿಡುವುದು ಸುಲಭ. ಹಾಗೆ ಮಾಡಿದರೆ ಎರಡು ಕಡೆ ಅನ್ಯಾಯ. ಹತ್ತು ವರ್ಷದ ಒಂದು ಮಗು ನಸುಕಿನಲ್ಲೆದ್ದು ವರ್ಷವಿಡೀ ಓದಿ ಪಡೆದದ್ದನ್ನು ಊರು ಒಂದು ಸಲ ಹೆಸರು ಹಿಡಿದು ಹೊಗಳಬೇಕು. ಅದನ್ನು ಮಸುಕು ಮಾಡಿದರೆ ಆ ಮಗುವಿಗೆ ಸಲ್ಲಬೇಕಾದದ್ದು ಸಲ್ಲುವುದಿಲ್ಲ. ಇನ್ನು ಆಯ್ಕೆಯಾಗದ ಮಗು ದಡ್ಡನಲ್ಲ. ‘ನೀನೂ ಗೆದ್ದೆ’ ಎಂದರೆ ದೊಡ್ಡವರು ತನ್ನ ಮುಖ ನೋಡಿ ಸುಳ್ಳು ಹೇಳುತ್ತಿದ್ದಾರೆ ಎಂದು ಅದಕ್ಕೆ ಕೂಡಲೇ ತಿಳಿಯುತ್ತದೆ.

ಮೇಷ್ಟ್ರ ಹೊಟ್ಟೆಪಾಡನ್ನೂ ಬಿಡುವಂತಿಲ್ಲ. “ನಾ ಸಪ್ಪಗ ಬರದ್ರ ಮಂದಿ ಗಂಗಾವತಿ ಕ್ಲಾಸಿಗೆ ಹೋಕ್ಕಾರ” ಎಂದರು. ಹಣ ಕೊಡುವ ತಂದೆತಾಯಿಗೂ ಕ್ಲಾಸು ಹೇಗಿದೆ ಎಂದು ತಿಳಿಯುವ ಹಕ್ಕಿದೆ. ಯೋಚಿಸುತ್ತಾ ಹೋದಂತೆ ಗೊಂದಲದ ಬೇರು ಇಲ್ಲಿಯೇ ಇದೆ ಎನಿಸಿತು. ಆ ಬರಹದ ಮೇಲೆ ನಾವು ಮೂರು ಕೆಲಸಗಳನ್ನು ಒಟ್ಟಿಗೆ ಹೇರುತ್ತಿದ್ದೇವೆ: ಪಾಲಕರಿಗೆ ಮಾಹಿತಿ ಕೊಡುವುದು, ಆಯ್ಕೆಯಾದ ಮಗುವನ್ನು ಅಭಿನಂದಿಸುವುದು, ಮುಂದಿನ ವರ್ಷಕ್ಕೆ ಮಕ್ಕಳನ್ನು ಕರೆಯುವುದು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಅಭಿನಂದನೆ ಜಾಹೀರಾತಾಗುತ್ತದೆ, ಮಗು ಸರಕಾಗುತ್ತದೆ. ‘ಮುಂದಿನ ರತ್ನ ನಿಮ್ಮ ಮಗುವೇ ಆಗಲಿ’ ಎನ್ನುವ ಸಾಲು ಹಾರೈಕೆಯಂತೆ ಕಂಡರೂ ಅದು ನೋಡುತ್ತಿರುವುದು ನಾಲ್ಕನೇ ತರಗತಿಯ ಮಗುವಿನ ತಾಯಿಯ ಕಡೆಗೆ. ಆಕೆ ಆ ರಾತ್ರಿ ಮಗನಿಗೆ ಹೇಳುವ ಮಾತು ಹಾರೈಕೆಯಾಗಿ ಉಳಿದಿರುವುದಿಲ್ಲ.

ಆದ್ದರಿಂದ ಮೂರನ್ನೂ ಬಿಡಿಸಿದೆವು. ಪ್ರವೇಶದ ಸೂಚನೆ ಬೇರೆ ದಿನ, ಬೇರೆ ಹಾಳೆಯಲ್ಲಿ, ಯಾವ ಮಗುವಿನ ಫೋಟೊವೂ ಇಲ್ಲದೆ. ಇದು ಸುಲಭವಾಗಿ ಮುಗಿಯಿತು.

ಮಾಹಿತಿ ಕಷ್ಟವಾಯಿತು. ಆರು ಎಂಬ ಸಂಖ್ಯೆ ಒಂಟಿಯಾಗಿ ನಿಂತರೆ ಅದಕ್ಕೆ ಅರ್ಥವಿಲ್ಲ, ಎಷ್ಟರಲ್ಲಿ ಆರು ಎನ್ನಬೇಕು. ಮೇಷ್ಟ್ರು 38 ಎಂದರು. ಹಾಜರಿ ಪುಸ್ತಕ ತೆಗೆಸಿದೆ. ಜೂನ್‌ನಲ್ಲಿ ಸೇರಿದವರು 42. ಇಬ್ಬರು ದೀಪಾವಳಿಯ ಹೊತ್ತಿಗೆ ಬಿಟ್ಟಿದ್ದರು. ಇನ್ನಿಬ್ಬರನ್ನು ‘ಅವರೇನು ಓದತಿರಲಿಲ್ಲ’ ಎಂದು ಮೇಷ್ಟ್ರೇ ಲೆಕ್ಕದಿಂದ ಬಿಟ್ಟಿದ್ದರು, ಆದರೆ ಅವರೂ ಪರೀಕ್ಷೆ ಬರೆದಿದ್ದರು. ಛೇದದಿಂದ ಮಕ್ಕಳನ್ನು ಕಳೆಯುವ ಕಲೆ ಇದು. ಕಳೆದಷ್ಟೂ ಕ್ಲಾಸು ಹೊಳೆಯುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಸೇರಿಸಿಕೊಳ್ಳುವಾಗಲೇ ಪರೀಕ್ಷೆ ಇಟ್ಟು ಹತ್ತು ಮಂದಿಯನ್ನಷ್ಟೇ ತೆಗೆದುಕೊಂಡು ಮೂವರನ್ನು ದಾಟಿಸಿ, ‘ಹತ್ತರಲ್ಲಿ ಮೂರು’ ಎನ್ನಬಹುದು. ಆಗ 42ರಲ್ಲಿ 6 ಬಡವಾಗಿ ಕಾಣುತ್ತದೆ, ಬಂದವರನ್ನೆಲ್ಲ ಸೇರಿಸಿಕೊಂಡ ಕ್ಲಾಸು ಹಾಗೆ ಸೇರಿಸಿಕೊಂಡದ್ದಕ್ಕೇ ದಂಡ ಕಟ್ಟುತ್ತದೆ. ಹಾಗಾಗಿ ಶೇಕಡಾವಾರು ಬೇಡ, ಬೇರೆ ಕ್ಲಾಸಿನ ಮಾತು ಬೇಡ, ಹೋದ ವರ್ಷದ ಮಾತೂ ಬೇಡ ಎಂದುಕೊಂಡೆವು. ಹೋದ ವರ್ಷದ ಮಕ್ಕಳೇ ಬೇರೆ. ಸೇರಿದವರೆಷ್ಟು, ಬರೆದವರೆಷ್ಟು, ಆಯ್ಕೆಯಾದವರೆಷ್ಟು ಎಂಬ ಮೂರು ಸಂಖ್ಯೆ ಸಾಕು.

42 ಎಂದು ಬರೆದರೆ ಉಳಿದ 36 ಮಕ್ಕಳ ಸೋಲನ್ನು ಸಾರಿದಂತಾಗುವುದಿಲ್ಲವೇ ಎಂಬ ಅಳುಕು ನನಗೂ ಇತ್ತು. ಆಮೇಲೆ ಅನಿಸಿತು, ನಿಜ ಅದರ ತಿರುವುಮುರುವು. ‘6 ರತ್ನಗಳು’ ಎಂದಾಗ ಉಳಿದವರು ಆ ಕೋಣೆಯಲ್ಲಿ ಇರಲೇ ಇಲ್ಲ ಎಂಬಂತಾಗುತ್ತದೆ. 42 ಎಂದಾಗ ಅವರೂ ಲೆಕ್ಕಕ್ಕಿದ್ದಾರೆ. ಅಷ್ಟೇ ಅಲ್ಲ, 42ರಲ್ಲಿ 6 ಎಂಬುದನ್ನು ಓದಿದ ಯಾವ ತಂದೆಗಾದರೂ ಇದು ಕಷ್ಟದ ಪರೀಕ್ಷೆ, ದಾಟದವರೇ ಹೆಚ್ಚು ಎಂದು ತಿಳಿಯುತ್ತದೆ. ದಾಟದಿರುವುದು ಮನೆಯ ಅವಮಾನವಲ್ಲ, ಸಾಮಾನ್ಯ ಸಂಗತಿ ಎಂದು ಸಮಾಧಾನದ ಒಂದು ಮಾತೂ ಇಲ್ಲದೆ ಸಂಖ್ಯೆಯೇ ಹೇಳುತ್ತದೆ.

ಅಭಿನಂದನೆಯ ವಿಷಯಕ್ಕೆ ಬಂದಾಗ ಕಾನೂನನ್ನೂ ನೋಡಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿದೆ. ಆಯ್ಕೆಯಾದವರ ಫೋಟೊ ಹಾಕಿದರೆ ಅವರು ಯಾವ ಕೋರ್ಸ್ ಓದಿದರು, ಎಷ್ಟು ಅವಧಿ, ಹಣ ಕೊಟ್ಟು ಓದಿದರೇ ಉಚಿತವಾಗಿ ಓದಿದರೇ ಎಂದು ತಿಳಿಸಬೇಕು. ಬರಹದಲ್ಲಿ ಒಪ್ಪಿಗೆ ಪಡೆಯಬೇಕು, ಅದನ್ನೂ ಆಯ್ಕೆಯಾದ ಮೇಲೆಯೇ ಪಡೆಯಬೇಕು. ಸೇರುವಾಗಲೇ ಅರ್ಜಿಯ ಕೆಳಗೆ ಸಹಿ ಹಾಕಿಸಿಕೊಂಡದ್ದು ನಡೆಯುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿ, ಕ್ಲಾಸಿನ ಒಳಗಿನ ಪರೀಕ್ಷೆಗಳ ಅಂಕವನ್ನು ಬಹಿರಂಗ ಮಾಡಬಾರದು ಎನ್ನುತ್ತದೆ, 16 ವರ್ಷದೊಳಗಿನ ಮಕ್ಕಳನ್ನು ಕೋಚಿಂಗ್‌ಗೆ ಸೇರಿಸಿಕೊಳ್ಳಲೇಬಾರದು ಎಂದೂ ಹೇಳುತ್ತದೆ. ಆದರೆ ಎರಡೂ ಕಡೆ ಕೋಚಿಂಗ್ ಕೇಂದ್ರ ಎಂದರೆ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವುದು. ನಮ್ಮ ಮೇಷ್ಟ್ರ ಜಮಖಾನೆಯ ಮೇಲೆ ಕೂತವರು 42.

ಕಾನೂನು ಆ ಕೋಣೆಯ ಬಾಗಿಲ ತನಕ ಬಂದು ನಿಲ್ಲುತ್ತದೆ. ಒಳಗೆ ಉಳಿಯುವುದು ನಾವು ಮತ್ತು ನಮ್ಮ ವಿವೇಕ. 51 ಮಕ್ಕಳಿದ್ದಾಗ ಕೇಳಬೇಕಾದ ಒಪ್ಪಿಗೆಯನ್ನು 42 ಇದ್ದಾಗ ಕೇಳಬೇಕಿಲ್ಲ ಎನ್ನಲು ಬೇರೆ ಕಾರಣ ಸಿಗಲಿಲ್ಲ. ಸಣ್ಣ ಊರಿನಲ್ಲಿ ಅದು ಇನ್ನೂ ಹೆಚ್ಚು ಬೇಕು. ಶಹರದ ಫ್ಲೆಕ್ಸಿನಲ್ಲಿ ಯಾರ ಮುಖ ಇಲ್ಲ ಎಂದು ಯಾರಿಗೂ ತಿಳಿಯದು, ತಳಕಲ್‌ನಲ್ಲಿ ಇಲ್ಲದ ಮುಖಗಳೇ ಮೊದಲು ಕಾಣುತ್ತವೆ. ಹತ್ತು ವರ್ಷದ ಮಗುವಿನ ಪರವಾಗಿ ತಂದೆತಾಯಿ ಒಪ್ಪಬೇಕು, ಮಗುವನ್ನೂ ಕೇಳಬೇಕು ಎಂದೆ. ಮೇಷ್ಟ್ರು ನಕ್ಕರು, ಆದರೂ ಕೇಳಿದರು. ಆರರಲ್ಲಿ ಒಬ್ಬಳು ಫೋಟೊ ಬೇಡ, ಹೆಸರು ಇರಲಿ ಎಂದಳು. ಜೊತೆಗೆ ಓಡಾಡುವ ಗೆಳತಿಗೆ ಸೀಟು ಸಿಕ್ಕಿರಲಿಲ್ಲ. ನಾವಿಬ್ಬರು ದೊಡ್ಡವರು ಎರಡು ದಿನ ಕೂತು ಹುಡುಕುತ್ತಿದ್ದದ್ದು ಆ ಹುಡುಗಿಗೆ ಕೇಳಿದ ಕೂಡಲೇ ಹೊಳೆದಿತ್ತು.

ಕೊನೆಗೆ ಬರೆದದ್ದು ಇದು:

“ನವೋದಯ ಆರನೇ ತರಗತಿ ಪ್ರವೇಶ ಪರೀಕ್ಷೆ, ಮೊದಲ ಆಯ್ಕೆ ಪಟ್ಟಿ. ಜೂನ್‌ನಲ್ಲಿ ನಮ್ಮಲ್ಲಿ ಸೇರಿದ ಮಕ್ಕಳು 42, ಪರೀಕ್ಷೆ ಬರೆದವರು 40, ಈ ಪಟ್ಟಿಯಲ್ಲಿರುವವರು 6. ತಮ್ಮ ತಮ್ಮ ಶಾಲೆಗಳಲ್ಲಿ ಓದುತ್ತಾ ನಮ್ಮಲ್ಲಿ ವರ್ಷವಿಡೀ ಅಭ್ಯಾಸ ಮಾಡಿ ಆಯ್ಕೆಯಾದ ಈ ಆರು ಮಕ್ಕಳಿಗೆ ಅಭಿನಂದನೆ. ಹೆಸರುಗಳು ಅಕಾರಾದಿಯಲ್ಲಿವೆ, ಮನೆಯವರ ಹಾಗೂ ಮಕ್ಕಳ ಒಪ್ಪಿಗೆ ಪಡೆದು ಪ್ರಕಟಿಸಿದ್ದೇವೆ. ಜಿಲ್ಲೆಗೆ ಇರುವ ಸೀಟು 80.”

‘ಮೊದಲ ಆಯ್ಕೆ ಪಟ್ಟಿ’ ಎಂದು ಸೇರಿಸಿದ್ದಕ್ಕೆ ಕಾರಣವಿದೆ. ಸೀಟು ಸಿಕ್ಕರೂ ಕೆಲವರು ಹೋಗುವುದಿಲ್ಲ, ಆಗ ಮುಂದಿನ ಪಟ್ಟಿ ಬರುತ್ತದೆ. ಬಾಗಿಲು ಇನ್ನೂ ಪೂರ್ತಿ ಮುಚ್ಚಿರದಾಗ ಮುಚ್ಚಿತೆಂಬ ದನಿಯಲ್ಲಿ ಬರೆಯಬಾರದು. ‘ತಮ್ಮ ತಮ್ಮ ಶಾಲೆಗಳಲ್ಲಿ’ ಎಂಬುದು, ಮೂರು ವರ್ಷ ಗುಣಾಕಾರ ಭಾಗಾಕಾರ ಕಲಿಸಿದ ಸರ್ಕಾರಿ ಶಾಲೆಯ ಅಕ್ಕೋರು ಯಾವ ಫ್ಲೆಕ್ಸಿನಲ್ಲೂ ಕಾಣಿಸಿಕೊಳ್ಳದವರು ಎಂಬ ಕಾರಣಕ್ಕೆ.

ಇದರ ಕೆಳಗೆ ನಾನು ಇನ್ನೊಂದು ಸಾಲು ಬರೆದಿದ್ದೆ: ‘ಉಳಿದ ಮಕ್ಕಳ ಶ್ರಮವೂ ಇಷ್ಟೇ ದೊಡ್ಡದು, ಅವರು ಧೃತಿಗೆಡಬೇಕಿಲ್ಲ.’ ನನಗೆ ಹಿಡಿಸಿದ ಸಾಲು ಅದು. ಮೇಷ್ಟ್ರು ಅದನ್ನೇ ಹೊಡೆದು ಹಾಕಿದರು. “ಇದನ್ನ ಫ್ಲೆಕ್ಸಿನ ಮ್ಯಾಲ ಬರದ್ರ ಯಾರಿಗೆ ಹೇಳಿದಂಗಾತ್ರಿ? ಊರ ಮಂದಿಗೆ ಹೇಳಿದಂಗಾತು, ಹುಡುಗರಿಗಲ್ಲ. ಅವ್ರ ಮನಿಗೆ ನಾನs ಹೋಗಿ ಬರ್ತೀನಿ.”

ಅವರ ಮಾತು ಸರಿ. ಆಯ್ಕೆಯಾದವರ ವಿಷಯವನ್ನು ಊರಿಗೆ ಹೇಳಬಹುದು, ಆಗದವರ ಜೊತೆ ಅವರವರ ಮನೆಯಲ್ಲೇ ಕೂತು ಮಾತಾಡಬೇಕು. ಫೋಟೊ ಕೆಳಗಿನ ಬರಹ ಎಷ್ಟೇ ಎಚ್ಚರದ್ದಾದರೂ ಆ ಕೆಲಸವನ್ನು ಅದು ಮಾಡಲಾರದು. ಹದಿನೈದು ದಿನದ ಮೇಲೆ ಫೋನ್ ಮಾಡಿದಾಗ ಮೇಷ್ಟ್ರು ಹತ್ತೊಂಬತ್ತು ಮನೆ ಮುಗಿಸಿದ್ದರು. ಮುಂದಿನ ವರ್ಷಕ್ಕೆ ಎಷ್ಟು ಮಕ್ಕಳು ಸೇರಿದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.